ಎರಡೂವರೆ ಪರ್ಸೆಂಟಿಗೆ ಎರಡು ಉತ್ತರ

ನಲವತ್ತು ರೂಪಾಯಿ ಇಪ್ಪತ್ತು ಪೈಸೆಯ ಸರಕಿಗೆ ಶೇಕಡಾ ಎರಡೂವರೆ ತೆರಿಗೆ ಎಷ್ಟು? ಕಾಗದದ ಮೇಲೆ ಹಾಕಿ ನೋಡಿದರೆ ಒಂದು ರೂಪಾಯಿ ಅರ್ಧ ಪೈಸೆ, ಅಂದರೆ 1.005. ಶೇ 5ರ ಜಿಎಸ್‌ಟಿ ಇರುವ ಸರಕನ್ನು ರಾಜ್ಯದೊಳಗೆ ಮಾರಿದಾಗ ತೆರಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹಾಗಾಗಿ ಅಂಥ ಬಿಲ್ಲಿನಲ್ಲಿ ಈ ಎರಡೂವರೆಯ ಲೆಕ್ಕ ಎರಡು ಸಲ ಬರುತ್ತದೆ. ಅರ್ಧ ಪೈಸೆ ಎಂಬ ನಾಣ್ಯವಿಲ್ಲ, ಅದನ್ನು ಮೇಲಕ್ಕೇರಿಸಿ 1.01 ಎಂದು ಬರೆಯುವುದು ವಾಡಿಕೆ. ಇದೇ ಲೆಕ್ಕವನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇಬ್ಬರು ಪ್ರೋಗ್ರಾಮರ್‌ಗಳು ಹೀಗೆ ಬರೆಯಬಹುದು:

```js
(40.2 * 0.025).toFixed(2)      // "1.01"
(40.2 * 2.5 / 100).toFixed(2)  // "1.00"
```

ಶಾಲೆಯ ಗಣಿತದ ಪ್ರಕಾರ ಎರಡು ಸಾಲೂ ಒಂದೇ. ಕಂಪ್ಯೂಟರ್ ಮಾತ್ರ ಒಂದು ಪೈಸೆಯ ವ್ಯತ್ಯಾಸ ತೋರಿಸುತ್ತದೆ. ನಂಬಿಕೆ ಬಾರದಿದ್ದರೆ ಬ್ರೌಸರ್ ತೆರೆದು F12 ಒತ್ತಿ, ಕನ್ಸೋಲ್‌ನಲ್ಲಿ ಈ ಎರಡು ಸಾಲುಗಳನ್ನು ಟೈಪ್ ಮಾಡಿ ನೋಡಬಹುದು. ಅಂಗಡಿಯ ಕೌಂಟರ್‌ನಲ್ಲಿ ಬಿಲ್ ಮುದ್ರಿಸುವ ಪ್ರೋಗ್ರಾಂ ಮೊದಲ ಸಾಲನ್ನೂ, ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುವ ಪ್ರೋಗ್ರಾಂ ಎರಡನೆಯದನ್ನೂ ಬಳಸಿದರೆ ಗ್ರಾಹಕನ ಕೈಯಲ್ಲಿ 42.22ರ ಬಿಲ್ಲು, ಲೆಕ್ಕದ ಪುಸ್ತಕದಲ್ಲಿ 42.20. ಎಲ್ಲೂ ಕೆಂಪು ಅಕ್ಷರದ ಎಚ್ಚರಿಕೆ ಮೂಡುವುದಿಲ್ಲ. ಸಂಖ್ಯೆಗಳ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಮೌನವೇ. ತಪ್ಪು ಉತ್ತರವೂ ಸರಿ ಉತ್ತರದ ಹಾಗೆಯೇ ಎರಡು ದಶಮಾಂಶ ಸ್ಥಾನಗಳೊಂದಿಗೆ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ.

ಕಾರಣ ತಿಳಿಯಲು ಸಂಖ್ಯೆ ಯಂತ್ರದೊಳಗೆ ಹೇಗೆ ಕೂರುತ್ತದೆ ಎಂಬುದನ್ನು ನೋಡಬೇಕು. ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಮಾನ ಪದ್ಧತಿಯಲ್ಲಿ 0.3333 ಎಂದು ಬರೆಯುತ್ತಲೇ ಹೋಗಬೇಕು, ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಅರ್ಧ, ಕಾಲು, ಅರೆಕಾಲು ಹೀಗೆ ಎರಡರ ಘಾತಗಳಿಂದ ಭಾಗಿಸಿ ಬಂದವು ಮಾತ್ರ ಪೂರ್ತಿ ಹಿಡಿಸುತ್ತವೆ. ಹತ್ತನೇ ಒಂದು ಭಾಗ ಅಲ್ಲಿ ಮುಗಿಯದ ಸರಣಿ. 1985ರಲ್ಲಿ ಬಂದ ಐಇಇಇ 754 ಎಂಬ ಮಾನದಂಡ ಒಂದು ಸಂಖ್ಯೆಗೆ 64 ಬಿಟ್‌ಗಳ ಜಾಗ ಕೊಟ್ಟು, ಅದರಲ್ಲಿ 52 ಬಿಟ್‌ಗಳನ್ನು ಅಂಕಿಗಳಿಗಾಗಿ ಮೀಸಲಿಟ್ಟಿತು. ಅದನ್ನು ರೂಪಿಸುವಲ್ಲಿ ಮುಂದಿದ್ದ ವಿಲಿಯಂ ಕಹಾನ್ ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳೆಲ್ಲ ಈ ಅಚ್ಚಿನವೇ. ಪೈಥಾನ್, ಜಾವಾ, ಸಿ ಭಾಷೆಗಳಲ್ಲೂ ದಶಮಾಂಶ ಬಿಂದುವಿರುವ ಸಂಖ್ಯೆ ಬರೆದರೆ ಸಾಮಾನ್ಯವಾಗಿ ಒಳಗೆ ಇರುವುದು ಇದೇ.

ಆದ್ದರಿಂದ ನಾವು 1.005 ಎಂದು ಬರೆದಾಗ ಒಳಗೆ ಉಳಿಯುವುದು ಅದಕ್ಕೆ ತೀರ ಹತ್ತಿರದ ಇನ್ನೊಂದು ಸಂಖ್ಯೆ. ಅದನ್ನು ಕಣ್ಣಾರೆ ನೋಡಲು ಸುಲಭದ ದಾರಿಯಿದೆ:

```js
(1.005).toFixed(20)   // "1.00499999999999989342"
```

ಅರ್ಧ ಪೈಸೆಗೆ ಕೂದಲೆಳೆಯಷ್ಟು ಕಡಿಮೆ. ಆದ್ದರಿಂದ ಎರಡು ಸ್ಥಾನಗಳಿಗೆ ಸರಿಹೊಂದಿಸು ಎಂದಾಗ `toFixed` ಅದನ್ನು 1.00ಕ್ಕೆ ಇಳಿಸುತ್ತದೆ. ಇದು `toFixed` ಮಾಡಿದ ತಪ್ಪಲ್ಲ. ಹತ್ತಿರದ ಉತ್ತರ ಕೊಡು, ಎರಡೂ ಸಮದೂರವಿದ್ದರೆ ದೊಡ್ಡದನ್ನು ಆರಿಸು ಎಂಬುದು ಅದಕ್ಕಿರುವ ನಿಯಮ. ಆದರೆ ಒಳಗಿರುವ ಸಂಖ್ಯೆ ಸಮದೂರದಲ್ಲಿ ಇಲ್ಲವೇ ಇಲ್ಲ. 2.345 ಎಂಬುದು ಒಳಗೆ ಕೂರುವಾಗ ತುಸು ಹೆಚ್ಚಾಗಿ ಕೂರುತ್ತದೆ, ಹಾಗಾಗಿ ಅದು 2.35 ಎಂದೇ ಬರುತ್ತದೆ. ಐದರಲ್ಲಿ ಕೊನೆಯಾಗುವ ಸಂಖ್ಯೆಗಳಲ್ಲಿ ಯಾವುದು ಮೇಲೇರುತ್ತದೆ, ಯಾವುದು ಕೆಳಗಿಳಿಯುತ್ತದೆ ಎಂದು ಬರಿಗಣ್ಣಿನಲ್ಲಿ ಹೇಳಲಾಗದು. ನಾಲ್ಕಾರು ಸಂಖ್ಯೆ ಹಾಕಿ ಪರೀಕ್ಷಿಸಿ 'ಸರಿಯಿದೆ' ಎಂದವರು ಮೋಸಹೋಗುವುದು ಇಲ್ಲೇ.

ಈಗ ಮೊದಲಿನ ಎರಡು ಸಾಲುಗಳಿಗೆ ಬರೋಣ. 40.2 ಒಳಗೆ ತುಸು ಹೆಚ್ಚಾಗಿ ಕೂತಿದೆ, 0.025 ಕೂಡ ತುಸು ಹೆಚ್ಚು. ಎರಡು ಹೆಚ್ಚುಗಳನ್ನು ಗುಣಿಸಿದಾಗ ಬಂದದ್ದು 1.0050000000000001, ಅದು ಅರ್ಧವನ್ನು ದಾಟಿದ್ದರಿಂದ 1.01. ಎರಡನೆಯ ಸಾಲಿನಲ್ಲಿ 40.2ನ್ನು 2.5ರಿಂದ ಗುಣಿಸಿದಾಗ ಉತ್ತರ ಸರಿಯಾಗಿ 100.5ಕ್ಕೆ ಬಂದು ನಿಲ್ಲುತ್ತದೆ. ಅದರಲ್ಲಿರುವುದು 'ಅರ್ಧ', ಆದ್ದರಿಂದ ಯಂತ್ರಕ್ಕೆ ಅದು ಪೂರ್ತಿ ಹಿಡಿಸುತ್ತದೆ. ಅದನ್ನು ನೂರರಿಂದ ಭಾಗಿಸಿದ ಕೂಡಲೇ ಆ ಕೂದಲೆಳೆ ಕಡಿಮೆಯ 1.005 ಹುಟ್ಟುತ್ತದೆ. ಎರಡು ಉತ್ತರಗಳ ನಡುವೆ ಇದ್ದ ಅಂತರ ದಶಮಾಂಶದ ಹದಿನಾರನೇ ಸ್ಥಾನದ್ದು. ಅದನ್ನು ಎರಡನೇ ಸ್ಥಾನಕ್ಕೆ ಎಳೆದು ತಂದು ಪೂರ್ತಿ ಒಂದು ಪೈಸೆ ಮಾಡಿದ್ದು ಸರಿಹೊಂದಿಸುವ ಕ್ರಿಯೆ. ಸರಿಹೊಂದಿಸಿದರೆ ಸಣ್ಣ ದೋಷಗಳು ಅಳಿಸಿಹೋಗುತ್ತವೆ ಎಂದು ನಂಬಿದವರು ಬಹಳ. ಹೆಚ್ಚಿನ ಸಲ ಅದು ನಿಜವೂ ಹೌದು. ಗಡಿಯ ಮೇಲೆ ನಿಂತ ಸಂಖ್ಯೆಗೆ ಮಾತ್ರ ಅದು ಸಣ್ಣ ದೋಷವನ್ನು ದೊಡ್ಡದು ಮಾಡುತ್ತದೆ.

ಅದಕ್ಕೇ ಎಷ್ಟು ಸಲ ಸರಿಹೊಂದಿಸುತ್ತೇವೆ, ಹೇಗೆ ಸರಿಹೊಂದಿಸುತ್ತೇವೆ ಎಂಬುದೂ ಮುಖ್ಯ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಹೊಸ ಸೂಚ್ಯಂಕವೊಂದನ್ನು 1000ದಿಂದ ಆರಂಭಿಸಿತು. ಪ್ರತಿ ವಹಿವಾಟಿನ ನಂತರ ಅದನ್ನು ಹೊಸದಾಗಿ ಲೆಕ್ಕಹಾಕಿ, ಮೂರು ದಶಮಾಂಶ ಸ್ಥಾನಗಳನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿಹಾಕುತ್ತಿದ್ದರು. ಒಂದು ಸಲ ಕತ್ತರಿಸಿದರೆ ಹೋಗುವುದು ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ದಿನಕ್ಕೆ ಸಾವಿರಾರು ಸಲ ಕತ್ತರಿಸಿದ್ದರಿಂದ, ಮತ್ತು ಕತ್ತರಿ ಯಾವಾಗಲೂ ಕೆಳಮುಖವಾಗಿಯೇ ಬಿದ್ದದ್ದರಿಂದ, 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸಿಗೆ ಕುಸಿದಿತ್ತು. ಲೆಕ್ಕ ತಿದ್ದಿ ನೋಡಿದಾಗ ಅದು ಸುಮಾರು 1,100 ಇರಬೇಕಿತ್ತು. ಮಧ್ಯದ ಲೆಕ್ಕಗಳನ್ನು ಕತ್ತರಿಸದೆ ಬಿಟ್ಟು, ಕೊನೆಯಲ್ಲಿ ಒಂದೇ ಸಲ ಸರಿಹೊಂದಿಸಿದ್ದರೆ ಈ ಕುಸಿತ ಇರುತ್ತಲೇ ಇರಲಿಲ್ಲ.

`toFixed` ವಿಷಯದಲ್ಲಿ ಮತ್ತೊಂದು ಮಾತಿದೆ. ಅದು ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು. ಮುದ್ರಿಸಲು ಅದೇ ಬೇಕು. ಅದನ್ನೇ ಮುಂದಿನ ಲೆಕ್ಕಕ್ಕೆ ತೆಗೆದುಕೊಂಡರೆ ಅನಾಹುತ:

```js
const a = (9.5).toFixed(2), b = (10.25).toFixed(2);
a + b    // "9.5010.25"
a > b    // true
```

ಕೂಡಿಸು ಎಂದರೆ ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ಇದು ಕಣ್ಣಿಗೆ ಬೀಳುತ್ತದೆ, ಬೇಗ ಸರಿಯಾಗುತ್ತದೆ. ಎರಡನೆಯದು ಅಪಾಯಕಾರಿ. ಅಕ್ಷರಗಳನ್ನು ಹೋಲಿಸುವಾಗ ಮೊದಲ ಅಕ್ಷರ ನೋಡಿ ತೀರ್ಮಾನವಾಗುತ್ತದೆ. 9 ಎಂಬ ಅಕ್ಷರ 1 ಎಂಬ ಅಕ್ಷರಕ್ಕಿಂತ ಮುಂದಿನದು, ಹಾಗಾಗಿ ಒಂಬತ್ತೂವರೆ ಹತ್ತೂಕಾಲಿಗಿಂತ ದೊಡ್ಡದು. ಬಾಕಿದಾರರ ಪಟ್ಟಿಯನ್ನು ದೊಡ್ಡ ಮೊತ್ತದಿಂದ ಜೋಡಿಸಿದಾಗ 950 ರೂಪಾಯಿಯವರು ಮೇಲೆ, 10,250ರವರು ಕೆಳಗೆ ಬಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ತಾಳೆ ನೋಡುವ ಕೆಲಸ. 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ, 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಆದ್ದರಿಂದ ದಶಮಾಂಶಗಳನ್ನು 'ಸಮವೇ' ಎಂದು ಕೇಳದೆ, 'ಇಬ್ಬರ ವ್ಯತ್ಯಾಸ ಇಷ್ಟರೊಳಗೆ ಇದೆಯೇ' ಎಂದು ಕೇಳಬೇಕು. ಆ 'ಇಷ್ಟು' ಎಂಬುದೇ ಟಾಲರೆನ್ಸ್. ಅದು ಎಷ್ಟಿರಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. 2015ರಿಂದ ಜಾವಾಸ್ಕ್ರಿಪ್ಟ್‌ನಲ್ಲಿ `Number.EPSILON` ಎಂಬ ಸಿದ್ಧ ಸಂಖ್ಯೆ ಇದೆ, ಅನೇಕರು ಅದನ್ನೇ ಟಾಲರೆನ್ಸ್ ಎಂದು ಬಳಸುತ್ತಾರೆ. ಅದು ಎರಡರ ಮೈನಸ್ 52ನೇ ಘಾತ, ಅಂದರೆ 1ಕ್ಕೂ ಅದರ ನಂತರದ ಸಂಖ್ಯೆಗೂ ಯಂತ್ರದೊಳಗೆ ಇರುವ ಅಂತರ. ಸಂಖ್ಯೆ ದೊಡ್ಡದಾದಷ್ಟೂ ಅಕ್ಕಪಕ್ಕದವುಗಳ ಅಂತರವೂ ಹಿಗ್ಗುತ್ತದೆ. 1.1 ಮತ್ತು 2.2ರ ಮೊತ್ತವನ್ನು 3.3ರ ಜೊತೆ ಹೋಲಿಸಿದರೆ ವ್ಯತ್ಯಾಸ ಆ ಸಿದ್ಧ ಸಂಖ್ಯೆಯ ಎರಡರಷ್ಟು. ಎರಡನ್ನು ದಾಟಿದ ಸಂಖ್ಯೆಗಳಿಗೆ ಇಂಥ ಹೋಲಿಕೆ ನೇರವಾಗಿ 'ಸಮವೇ' ಎಂದು ಕೇಳಿದ್ದಕ್ಕೆ ಸಮ, ಪ್ರಯೋಜನವೇನೂ ಇಲ್ಲ.

ಟಾಲರೆನ್ಸ್ ಹುಟ್ಟಬೇಕಾದದ್ದು ಲೆಕ್ಕದ ವಿಷಯದಿಂದ. ರೂಪಾಯಿ ಲೆಕ್ಕದಲ್ಲಿ ನಿಜವಾದ ಅತಿ ಚಿಕ್ಕ ವ್ಯತ್ಯಾಸ ಒಂದು ಪೈಸೆ, 0.01. ಒಂದು ಕೋಟಿಯ ಆಸುಪಾಸಿನಲ್ಲಿ ಯಂತ್ರದ ಅಕ್ಕಪಕ್ಕದ ಸಂಖ್ಯೆಗಳ ಅಂತರ ರೂಪಾಯಿಯ ನೂರು ಕೋಟಿಯಲ್ಲಿ ಸುಮಾರು ಎರಡು ಭಾಗ. ಅಂದರೆ ಯಂತ್ರದ ದೋಷಕ್ಕೂ ನಿಜವಾದ ಪೈಸೆಗೂ ನಡುವೆ ವಿಶಾಲವಾದ ಬಯಲಿದೆ. ಲಕ್ಷ ಸಾಲುಗಳನ್ನು ಕೂಡಿಸಿದಾಗ ದೋಷ ಬೆಳೆದರೂ ಆ ಬಯಲಿನೊಳಗೇ ಇರುತ್ತದೆ. ಅರ್ಧ ಪೈಸೆ, 0.005, ಎಂದು ಗೆರೆ ಎಳೆದರೆ ಯಂತ್ರದ ದೋಷ ಆಚೆ ದಾಟುವುದಿಲ್ಲ, ನಿಜವಾದ ತಪ್ಪು ಈಚೆ ಉಳಿಯುವುದಿಲ್ಲ.

ಆದರೆ ನಮ್ಮ 42.22 ಮತ್ತು 42.20ಕ್ಕೆ ಈ ಗೆರೆ ಸಹಾಯ ಮಾಡದು. ಅಲ್ಲಿ ವ್ಯತ್ಯಾಸ ಎರಡು ಪೈಸೆಗೆ ಬೆಳೆದುಹೋಗಿದೆ. ಇಂಥ ಸಂದರ್ಭದಲ್ಲಿ ಗೆರೆಯನ್ನು ಐದು ಪೈಸೆಗೋ ಹತ್ತು ಪೈಸೆಗೋ ಹಿಗ್ಗಿಸಿ ತಾಳೆ ಮಾಡಿಬಿಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ ದಿನದಿಂದ ಅಷ್ಟರೊಳಗಿನ ನಿಜವಾದ ತಪ್ಪುಗಳೂ ಕಾಣದಾಗುತ್ತವೆ. ಟಾಲರೆನ್ಸ್ ಇರುವುದು ಸರಿಹೊಂದಿಸುವ ಮುಂಚಿನ ಸಂಖ್ಯೆಗಳನ್ನು ಹೋಲಿಸಲು. ಸರಿಹೊಂದಿಸಿದ ಮೇಲೆ ಹುಟ್ಟಿದ ಪೈಸೆಯ ವ್ಯತ್ಯಾಸಕ್ಕೆ ಮದ್ದು ಬೇರೆ.

ಟಾಲರೆನ್ಸ್ ಇಟ್ಟು ಬರೆದ ತಪಾಸಣೆಯಲ್ಲೂ ಒಂದು ಕಿಂಡಿ ಉಳಿಯುತ್ತದೆ:

```js
if (Math.abs(billTotal - ledgerTotal) > 0.005) reject();
```

ವ್ಯತ್ಯಾಸ ಅರ್ಧ ಪೈಸೆಗಿಂತ ಹೆಚ್ಚಿದ್ದರೆ ತಿರಸ್ಕರಿಸು. ಓದಲು ಸರಿಯಾಗಿಯೇ ಇದೆ. ಎರಡರಲ್ಲಿ ಒಂದು ಮೊತ್ತ `NaN` ಆಗಿದ್ದರೆ? 'ಇದು ಸಂಖ್ಯೆಯೇ ಅಲ್ಲ' ಎಂದು ಸೂಚಿಸಲು ಯಂತ್ರ ಇಟ್ಟುಕೊಂಡಿರುವ ವಿಶೇಷ ಬೆಲೆ ಅದು. ಅದರಿಂದ ಏನನ್ನು ಕಳೆದರೂ ಅದೇ ಬರುತ್ತದೆ, ಮತ್ತು ಅದು ಯಾವುದಕ್ಕಿಂತಲೂ ಹೆಚ್ಚಲ್ಲ, ಕಡಿಮೆಯೂ ಅಲ್ಲ. 0.005ಕ್ಕಿಂತ ಹೆಚ್ಚೇ ಎಂದರೆ ಅಲ್ಲ ಎಂಬ ಉತ್ತರ ಬಂದು, ಮೊತ್ತವೇ ಇಲ್ಲದ ಬಿಲ್ಲು ತಪಾಸಣೆ ದಾಟಿ ಹೋಗುತ್ತದೆ. ಪ್ರಶ್ನೆಯನ್ನು ತಿರುಗಿಸಿ, ಗೆರೆಯೊಳಗೆ ಇಲ್ಲದಿದ್ದರೆ ತಿರಸ್ಕರಿಸು ಎಂದು ಬರೆದರೆ ಕಿಂಡಿ ಮುಚ್ಚುತ್ತದೆ:

```js
if (!(Math.abs(billTotal - ledgerTotal) <= 0.005)) reject();
```

ಈ `NaN` ಬರುವುದು ಎಲ್ಲಿಂದ? ಹೆಚ್ಚಾಗಿ ಬಾಗಿಲಲ್ಲೇ, ಟೈಪ್ ಮಾಡಿದ ಅಕ್ಷರಗಳು ಸಂಖ್ಯೆಯಾಗುವ ಹೊತ್ತಿನಲ್ಲಿ. ಬಿಲ್ಲಿನ ನಾಲ್ಕು ಸಾಲುಗಳಲ್ಲಿ ಸರಕಿನ ಎಣಿಕೆ 12, 5, 10, 120 ಎಂದಿರಲಿ. ಪಟ್ಟಿಯ ಪ್ರತಿಯೊಂದನ್ನೂ ಒಂದು ಕೆಲಸಕ್ಕೆ ಒಡ್ಡಲು `map` ಇದೆ, ಅಕ್ಷರವನ್ನು ಪೂರ್ಣಾಂಕ ಮಾಡಲು `parseInt` ಇದೆ. ಎರಡನ್ನೂ ಸೇರಿಸಿದರೆ ಹೀಗಾಗುತ್ತದೆ:

```js
['12', '5', '10', '120'].map(parseInt)
// [12, NaN, 2, 15]
```

`map` ಪ್ರತಿ ಸಲವೂ ಕೆಲಸದವನ ಕೈಗೆ ಮೂರು ವಸ್ತು ಕೊಡುತ್ತದೆ: ಪಟ್ಟಿಯ ಬೆಲೆ, ಅದರ ಕ್ರಮಾಂಕ, ಮತ್ತು ಇಡೀ ಪಟ್ಟಿ. ಕ್ರಮಾಂಕ ಸೊನ್ನೆಯಿಂದ ಶುರುವಾಗುತ್ತದೆ. `parseInt` ಸ್ವೀಕರಿಸುವುದು ಎರಡು: ಅಕ್ಷರಗಳು, ಮತ್ತು ಯಾವ ಮಾನದಲ್ಲಿ ಓದಬೇಕು ಎಂಬ ಸೂಚನೆ. ಹೀಗೆ ಕ್ರಮಾಂಕ ಹೋಗಿ ಮಾನದ ಜಾಗದಲ್ಲಿ ಕೂರುತ್ತದೆ. ಸೊನ್ನೆ ಬಂದರೆ ಏನೂ ಹೇಳಿಲ್ಲ ಎಂದರ್ಥ, ಹಾಗಾಗಿ 12 ಸರಿಯಾಗಿಯೇ ಬಂತು. ಒಂದನೇ ಮಾನ ಎಂಬುದು ಇಲ್ಲ, ಅದಕ್ಕೇ `NaN`. ಮೂರನೆಯ '10' ದ್ವಿಮಾನದಲ್ಲಿ ಓದಿಸಿಕೊಂಡು ಎರಡಾಯಿತು. '120' ತ್ರಿಮಾನದಲ್ಲಿ ಒಂಬತ್ತು, ಆರು, ಸೊನ್ನೆ ಸೇರಿ ಹದಿನೈದಾಯಿತು.

ಒಂದೇ ಸಾಲಿನ ಬಿಲ್ಲಿನಿಂದ ಪರೀಕ್ಷಿಸಿದರೆ ಈ ದೋಷ ಎಂದೂ ಸಿಗದು, ಮೊದಲ ಸಾಲು ಯಾವಾಗಲೂ ಸರಿ. ಎರಡನೆಯ ಸಾಲಿನ `NaN` ಮೊತ್ತವನ್ನೇ ಕೆಡಿಸಿ ಸುಳಿವು ಕೊಡುತ್ತದೆ. ಆದರೆ ಪರದೆಯ ಮೇಲೆ ಅದು ಕಾಣಬಾರದೆಂದು 'ಸಂಖ್ಯೆ ಅಲ್ಲದಿದ್ದರೆ ಸೊನ್ನೆ' ಎಂಬ ತೇಪೆ ಹಾಕುವವರಿದ್ದಾರೆ. ಆಗ 147 ಆಗಬೇಕಿದ್ದ ಮೊತ್ತ 29 ಎಂದು ಬರುತ್ತದೆ, ಸುಳಿವೂ ಅಳಿಸಿಹೋಗುತ್ತದೆ. ಸರಿಪಡಿಸುವುದು ಕಷ್ಟವಲ್ಲ. `map(s => parseInt(s, 10))` ಎಂದು ಮಾನವನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲವೇ `map(Number)` ಎನ್ನಬೇಕು. `Number` ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಮಾನ ಹೇಳುವ ಅಭ್ಯಾಸ ಹಳೆಯದು. 2009ರಲ್ಲಿ ಭಾಷೆಯ ಐದನೇ ಆವೃತ್ತಿ ಬರುವ ಮುಂಚೆ, ಸೊನ್ನೆಯಿಂದ ಶುರುವಾಗುವ '08', '09'ಗಳನ್ನು ಹಲವು ಬ್ರೌಸರ್‌ಗಳು ಅಷ್ಟಮಾನವೆಂದು ಓದಿ ಸೊನ್ನೆ ಕೊಡುತ್ತಿದ್ದವು. ಜುಲೈವರೆಗೆ ಸರಿಯಿದ್ದ ದಿನಾಂಕಗಳು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಕೆಡುತ್ತಿದ್ದವು.

ಇವೆರಡರಲ್ಲಿ ಯಾವುದನ್ನು ಆರಿಸಿದರೂ ಬಾಗಿಲಲ್ಲಿ ಕಾವಲು ಬೇಕೇ ಬೇಕು. `parseInt` ಎಡದಿಂದ ಓದುತ್ತ, ಅಂಕಿ ಅಲ್ಲದ್ದು ಸಿಕ್ಕ ಕೂಡಲೇ ನಿಲ್ಲಿಸಿ ಅಲ್ಲಿಯವರೆಗಿನದ್ದನ್ನು ಕೊಡುತ್ತದೆ. ನಾವು ಒಂದೂಕಾಲು ಲಕ್ಷವನ್ನು ಬರೆಯುವ ರೀತಿಯಲ್ಲಿ '1,25,000' ಎಂದು ಕೊಟ್ಟರೆ ಅದಕ್ಕೆ ಸಿಗುವುದು ಒಂದು ರೂಪಾಯಿ. `Number` ಇಡೀ ಸಾಲು ಸರಿಯಿರಬೇಕು ಎನ್ನುತ್ತದೆ, ಅಲ್ಪವಿರಾಮ ಕಂಡರೆ `NaN` ಕೊಡುತ್ತದೆ. ನನಗೆ ಅದರ ಕಟ್ಟುನಿಟ್ಟೇ ಇಷ್ಟ. ಆದರೆ ಖಾಲಿ ಬಿಟ್ಟ ಜಾಗವನ್ನು ಅದು ಸೊನ್ನೆ ಎಂದು ಓದುತ್ತದೆ, ಅದನ್ನು ಬೇರೆಯಾಗಿ ತಡೆಯಬೇಕು. ಕನ್ನಡ ಅಂಕಿಗಳ ಪಾಡೂ ಇಲ್ಲಿ ಹೇಳಬೇಕಾದದ್ದು. ಜಾವಾಸ್ಕ್ರಿಪ್ಟ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆದು ತೋರಿಸಬಲ್ಲದು. '೧೨' ಎಂದು ಟೈಪ್ ಮಾಡಿದ್ದನ್ನು ಓದು ಎಂದರೆ `Number` ಮತ್ತು `parseInt` ಎರಡೂ `NaN` ಎನ್ನುತ್ತವೆ. ಕನ್ನಡ ಕೀಲಿಮಣೆಯಲ್ಲಿ ಅರ್ಜಿ ತುಂಬುವವರಿಗಾಗಿ ಪ್ರೋಗ್ರಾಂ ಬರೆಯುವವರು ಈ ಹತ್ತು ಅಂಕಿಗಳನ್ನು ತಾವೇ ಬದಲಿಸಿಕೊಳ್ಳಬೇಕು.

ಇನ್ನು ಪೈಸೆಯ ಮದ್ದು. ಹಣವನ್ನು ರೂಪಾಯಿಯ ದಶಮಾಂಶದಲ್ಲಿ ಇಡದೆ ಪೈಸೆಗಳ ಪೂರ್ಣಾಂಕವಾಗಿ ಇಡುವುದು ಎಲ್ಲಕ್ಕಿಂತ ಭದ್ರ. 90 ಲಕ್ಷ ಕೋಟಿ ರೂಪಾಯಿಯವರೆಗಿನ ಪೈಸೆಗಳನ್ನು ಯಂತ್ರ ಒಂದೂ ತಪ್ಪದಂತೆ ಹಿಡಿಯಬಲ್ಲದು. ಆದರೆ ಪೈಸೆ ಮಾಡಲು ರೂಪಾಯಿಯನ್ನು ನೂರರಿಂದ ಗುಣಿಸಿ ಕತ್ತರಿಸಿದರೆ ಹಳೆಯ ಹಳ್ಳಕ್ಕೇ ಬಿದ್ದಂತೆ. 0.29ನ್ನು ನೂರರಿಂದ ಗುಣಿಸಿದರೆ 28.999999999999996, ಕತ್ತರಿಸಿದರೆ 28. ಅದರ ಬದಲು ಟೈಪ್ ಮಾಡಿದ ಅಕ್ಷರಗಳನ್ನೇ ಬಿಂದುವಿನ ಬಳಿ ಒಡೆದು, ಎಡಕ್ಕಿರುವ ರೂಪಾಯಿ, ಬಲಕ್ಕಿರುವ ಪೈಸೆ ಎರಡನ್ನೂ ಬೇರೆ ಬೇರೆ ಪೂರ್ಣಾಂಕ ಮಾಡಿಕೊಳ್ಳಬೇಕು. '12.5' ಎಂದಿದ್ದರೆ ಆ 5 ಎಂದರೆ ಐವತ್ತು ಪೈಸೆ ಎಂಬುದನ್ನು ಮರೆಯಬಾರದು. ಎರಡೂವರೆ ಪರ್ಸೆಂಟನ್ನೂ ಸಾವಿರಕ್ಕೆ ಇಪ್ಪತ್ತೈದು ಎಂದು ಬರೆದುಕೊಂಡರೆ ಮೊದಲಿನ ಲೆಕ್ಕ ಹೀಗಾಗುತ್ತದೆ:

```js
Math.round(4020 * 25 / 1000)   // 101
```

4020 ಪೈಸೆ ಇಪ್ಪತ್ತೈದರಿಂದ ಗುಣಿಸಿ 1,00,500. ಸಾವಿರದಿಂದ ಭಾಗಿಸಿದರೆ 100.5, ಯಂತ್ರಕ್ಕೆ ಪೂರ್ತಿ ಹಿಡಿಸುವ ಸಂಖ್ಯೆ. ಅರ್ಧ ಎಂಬುದು ಈಗ ನಿಜವಾಗಿ ಅರ್ಧವೇ ಆಗಿ ಕೈಗೆ ಸಿಕ್ಕಿದೆ, ಅದನ್ನು ಎತ್ತ ಸರಿಸಬೇಕೆಂದು ನಿಯಮ ಹೇಳಬಹುದು. ಜಿಎಸ್‌ಟಿ ಕಾಯ್ದೆಯ 170ನೇ ಕಲಂ ತೆರಿಗೆಯ ಮೊತ್ತವನ್ನು ರೂಪಾಯಿಗೆ ಸರಿಹೊಂದಿಸುವಾಗ ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಿ, ಕಡಿಮೆಯಿದ್ದರೆ ಬಿಡಿ ಎನ್ನುತ್ತದೆ. ಐವತ್ತು ಪೈಸೆ ಯಂತ್ರದೊಳಗೆ ಐವತ್ತಾಗಿಯೇ ಇದ್ದರೆ ಮಾತ್ರ ಆ ಮಾತನ್ನು ಪಾಲಿಸಲು ಸಾಧ್ಯ.

ಸರಕು ವಾಪಸ್ ಬಂದಾಗ ಮಾತ್ರ ಇನ್ನೊಂದು ಎಚ್ಚರ ಬೇಕು. `Math.round` ಅರ್ಧವನ್ನು ಯಾವಾಗಲೂ ದೊಡ್ಡ ಸಂಖ್ಯೆಯ ಕಡೆಗೆ ತಳ್ಳುತ್ತದೆ, ಹಾಗಾಗಿ 100.5 ಹೋಗಿ 101 ಆದರೆ ಮೈನಸ್ 100.5 ಹೋಗಿ ಮೈನಸ್ 100 ಆಗುತ್ತದೆ. ಮಾರುವಾಗ 101 ಪೈಸೆ ತೆರಿಗೆ ಹಾಕಿ, ಅದೇ ಸರಕು ಮರಳಿದಾಗ 100 ಪೈಸೆ ಹಿಂದಿರುಗಿಸಿದಂತಾಗುತ್ತದೆ. ವಾಪಸಾತಿಯ ತೆರಿಗೆಯನ್ನೂ ಮಾರಾಟದ ಹಾಗೆ ಧನಸಂಖ್ಯೆಯಲ್ಲೇ ಲೆಕ್ಕಹಾಕಿ, ಸರಿಹೊಂದಿಸಿದ ಮೇಲೆ ಕೊನೆಗೆ ಮೈನಸ್ ಚಿಹ್ನೆ ಹಚ್ಚಿದರೆ ಎರಡೂ ಕಡೆ 101 ಪೈಸೆಯೇ ಬರುತ್ತದೆ.